ಪರೀಕ್ಷೆ, ನಿದ್ದಿ ಇಲ್ಲದ ರಾತ್ರಿ, ಹನ್ನೆರಡು ಸಾಲು: ಶಾಲಾ ಮ್ಯಾಗಜಿನ್‌ಗೆ ಕವಿತೆ ಬರಿಯೋದು ಹೆಂಗ

ಪ್ರತಿ ವರ್ಷ ಜನವರಿ ಬಂತಂದ್ರ ನನ್ನ ಟೇಬಲ್ ಮ್ಯಾಲ ಕವಿತೆ ರಾಶಿ ಬೀಳ್ತಾವು. ನಾನು ಗಂಗಾವತಿ ಕಡೆ ಹೈಸ್ಕೂಲ್ ಒಂದರಾಗ ಕನ್ನಡ ಹೇಳ್ತೀನಿ, ಶಾಲಿ ಮ್ಯಾಗಜಿನ್ ಕೆಲಸಾನೂ ನನ್ನ ತಲಿ ಮ್ಯಾಲನ ಐತಿ. ಹತ್ತನೇ ಕ್ಲಾಸಿನ ಹುಡುಗ್ರು ಕೊಡೋ ಕವಿತೆಯೊಳಗ ಅರ್ಧಕ್ಕಿಂತ ಜಾಸ್ತಿ ಪರೀಕ್ಷಾ ಮ್ಯಾಲನ ಇರ್ತಾವು, ಅದು ಸಹಜ ಬಿಡ್ರಿ, ಪ್ರಿಪರೇಟರಿ ಎದುರಿಗಿ ಇಟ್ಕೊಂಡು ಚಂದ್ರನ ಮ್ಯಾಲ ಯಾರು ಬರೀತಾರ. ಆದ್ರ ಓದಿದ್ರ ಎಲ್ಲಾವೂ ಒಂದ ಕವಿತಿ ಅನಸ್ತಾವು. ಹೆಸರು ಮುಚ್ಚಿ ಇಟ್ರ ಯಾವುದು ಯಾರದು ಅಂತ ಬರದವ್ರಿಗೂ ಗೊತ್ತಾಗಂಗಿಲ್ಲ.

ಅದಕ್ಕ ಒಂದು ಕವಿತಿ ಹೆಂಗ ಮೊದಲ ಪ್ರತಿಯಿಂದ ಅಚ್ಚಿಗೆ ಹೋಗೋತನಕ ಬಂತು ಅಂತ ಪೂರ್ತಿ ಹೇಳ್ತೀನಿ. ಬರದಾಕಿ ನಮ್ಮ ಶಾಲಿ ಹುಡುಗಿ, ಹೆಸರು ಬ್ಯಾಡ, ಕವಿತಿ ಹಾಕೋಕ ಆಕಿ ಒಪ್ಪ್ಯಾಳ.

ಆಕಿ ಮೊದಲು ತಂದಿದ್ದು ಹಿಂಗಿತ್ತು:

ಪರೀಕ್ಷೆ ಎಂಬ ಭೂತ ಬಂತು
ನಿದ್ದೆ ಎಂಬ ಗೆಳತಿ ಹೋದಳು
ಒತ್ತಡ ಎಂಬ ಕಡಲಿನ ಒಳಗೆ
ದಡವೇ ಕಾಣದ ದೋಣಿ ನಾನು

ಇನ್ನೂ ಮೂರು ಪದ್ಯ ಇದ್ವು, ಕೊನೀಗೆ "ಛಲವ ಬಿಡದೆ ಓದಿ ನಾನು ಗುರಿಯ ಮುಟ್ಟೇ ಮುಟ್ಟುವೆ" ಅಂತ ಮುಗದಿತ್ತು. ನಾನು ಕೇಳಿದೆ, "ಯವ್ವಾ, ಕಡಲು ನೋಡಿಯೇನು ಯಾವಾಗರ?" "ಇಲ್ರಿ ಸರ್." "ದೋಣಿ?" "ಆನೆಗುಂದಿ ಹೊಳ್ಯಾಗ ಹರಿಗೋಲು ನೋಡೀನ್ರಿ ಸರ್, ಕುಂತಿಲ್ಲ." ಹಂಗಂದ್ರ ಈ ನಾಕು ಸಾಲಿನೊಳಗ ಆಕಿದು ಅಂತ ಒಂದು ಶಬ್ದಾನೂ ಇರ್ಲಿಲ್ಲ. "ಎಂಬ" ಅನ್ನೋದು ಮೂರು ಸಲ ಬಂದೈತಿ ನೋಡ್ರಿ, ಇದು ಬಹಳ ಡೇಂಜರ್ ಶಬ್ದ. ಎರಡು ಸಾಮಾನ ತಂದು ನಡುವ ಎಂಬ ಹಾಕಿ ಅಂಟಿಸಿಬಿಟ್ರ ರೂಪಕ ಆತು ಅನಸ್ತೈತಿ, ಆದ್ರ ಓದೋರ ಕಣ್ಣಿಗಿ ಭೂತಾನೂ ಕಾಣಂಗಿಲ್ಲ ಪರೀಕ್ಷಾನೂ ಕಾಣಂಗಿಲ್ಲ.

ಒಂದು ಮಾತು ಮಾತ್ರ ಮೆಚ್ಚಿಕೊಂಡೆ. ಸಾಲುಗಳ ಮಾತ್ರೆ ಎಣಿಸಿದ್ರ 13, 13, 14, 14 ಬರ್ತೈತಿ. ಎಣಿಸಿ ಬರದಿದ್ದಲ್ಲ, ಕಿವಿ ತಾನ ಅಳತಿ ಹಿಡದಿತ್ತು. ಹಂಗಾಗಿ ಕೆಟ್ಟಿದ್ದು ಲಯ ಅಲ್ಲ, ಸರಕು.

ಮೊದಲನೇ ಕೆಲಸ: ಕವಿತಿ ಬರೀಬ್ಯಾಡ್ರಿ, ರಾತ್ರಿ ಬರೀರಿ

ರಫ್ ನೋಟ್‌ಬುಕ್ಕಿನ ಹಿಂದಿನ ಹಾಳಿ ತಗೀರಿ. ಮೂರು ರಾತ್ರಿ, ಹೆಂಗಿದ್ರೂ ಎಚ್ಚರನ ಇರ್ತೀರಲ್ಲ, ತಾಸಿಗೊಮ್ಮೆ ಟೈಮ್ ಹಾಕಿ ಎರಡ ಎರಡು ಸಾಲು ಗೀಚ್ರಿ. ಏನು ಅನಸ್ತೈತಿ ಅಂತ ಬರಿಬ್ಯಾಡ್ರಿ, ಏನು ಕಾಣತೈತಿ ಏನು ಕೇಳತೈತಿ ಏನು ವಾಸನಿ ಬರ್ತೈತಿ ಅಷ್ಟ ಬರೀರಿ. "ಭಯ ಆಗತೈತಿ" ಬ್ಯಾಡ, "ಕೈಯಾಗಿನ ಪೆನ್ನು ಬೆವರಿಗೆ ಜಾರ್ತೈತಿ" ಬೇಕು. ಇದಕ್ಕಂತ ಯಾರೂ ಎಚ್ಚರ ಕುಂಡ್ರಬ್ಯಾಡ್ರಿ ಮತ್ತ, ನಿದ್ದಿ ಬಂದ್ರ ಮಲಗ್ರಿ, ಒಂದು ರಾತ್ರಿದು ಸಿಕ್ರೂ ಸಾಕು.

ಆಕಿ ತಂದ ಹಾಳ್ಯಾಗ ಇದ್ದಿದ್ದು ಇಷ್ಟು, ಆಕಿ ಅಕ್ಷರದಾಗ ಇದ್ದಂಗ ಕೊಡ್ತೀನಿ:

11:00 ಸೊಳ್ಳಿಬತ್ತಿ ಹಚ್ಚಿದೆ. ಬ್ಯಾರೆ ಬತ್ತಿ ಇಲ್ಲ, ಕೊನೇದು.
12:15 ಉನ್ನತ ಕೋನದ ಲೆಕ್ಕ. ಉತ್ತರ ಪುಸ್ತಕದಾಗ ಇದ್ದಿದ್ದು ಬರವಲ್ದು. ಅಳಸಿ ಅಳಸಿ ಹಾಳಿ ಹರೀತು.
1:30 ಗಿರಣಿ ಸೌಂಡ್. ತಂಗಿ ಕಾಲು ನನ್ನ ತೊಡಿ ಮ್ಯಾಲ.
2:40 ತಂಗಿ ನಿದ್ದ್ಯಾಗ ನಕ್ಕಳು. ಬತ್ತಿ ಬೂದಿ ಸುರುಳಿ ಹಂಗ ಐತಿ, ಬಿದ್ದಿಲ್ಲ.
4:00 ಅವ್ವ ಎದ್ದಳು. ನಾಟಿಗೆ ಹೋಗ್ಬೇಕು ಆಕಿ. ಲೈಟ್ ನೋಡಿ ಏನೂ ಅನ್ಲಿಲ್ಲ.
4:30 ರೊಟ್ಟಿ ಬಡೀತಾಳ. ಯಾವಾಗ ಮಲಗಿದ್ನೋ ಗೊತ್ತಿಲ್ಲ.

ಈಗ ನೋಡ್ರಿ, ಇದರೊಳಗ ಭೂತ ಇಲ್ಲ ಕಡಲಿಲ್ಲ. ಆದ್ರ ಇದು ಗಂಗಾವತಿ ಸೀಮಿ ಜನವರಿ ರಾತ್ರಿ ಅಂತ ನಮಗ ಓದಿದ ತಕ್ಷಣ ಗೊತ್ತಾಗತೈತಿ. ತುಂಗಭದ್ರಾ ಎಡದಂಡಿ ಕಾಲುವಿ ನೀರು ಗದ್ದಿ ತುಂಬ ನಿಂತೈತಿ ಅಂದ ಮ್ಯಾಲ ಸೊಳ್ಳಿ, ಮುಂಗಾರಿ ಭತ್ತ ಬಂದೈತಿ ಅಂದ ಮ್ಯಾಲ ರೈಸ್‌ಮಿಲ್ ರಾತ್ರಿನೂ ನಡೀತೈತಿ, ಎರಡನೇ ಬೆಳಿ ನಾಟಿಗೆ ಅವ್ವ ಹೊತ್ತು ಮೂಡೋದ್ರೊಳಗ ಹೋಗ್ಬೇಕು. ರಾಯಚೂರಿನ ಹುಡುಗ ಬರದ್ರ ಬ್ಯಾರೆ ಬರ್ತೈತಿ, ಹಟ್ಟಿ ಗಣಿ ಕಾಲೋನಿಯಾಗ ಇರೋನಿಗೆ ಶಿಫ್ಟ್ ಮುಗಿಸಿ ಬರೋ ಅಪ್ಪನ ಬೂಟಿನ ಸಪ್ಪಳ ಇರಬೋದು, ಬಳ್ಳಾರಿಯಾಗ ಜೀನ್ಸ್ ಹೊಲಿಯೋ ಮನ್ಯಾಗ ಮಷಿನ್ ಸದ್ದು ಇರಬೋದು. ಅವು ಅವರ ಸರಕು, ನಿಮ್ಮ ಮನಿಗೆ ತರಬ್ಯಾಡ್ರಿ.

ಎರಡನೇದು: ಒಂದ ವಸ್ತು ಹಿಡೀರಿ

ಆರು ಟಿಪ್ಪಣಿ ಅದಾವು, ಎಲ್ಲಾ ಹಾಕಿದ್ರ ಪಟ್ಟಿ ಆಗತೈತಿ. ಇಡೀ ರಾತ್ರಿ ಜೊತಿಗೆ ಇದ್ದು ತಾನೂ ಬದಲಾಗೋ ವಸ್ತು ಯಾವುದು ಅಂತ ಕೇಳ್ಕೊಳ್ರಿ. ಗಿರಣಿ ಬದಲಾಗಂಗಿಲ್ಲ, ಅದರ ಸದ್ದು ಒಂದ ತರ. ತಂಗಿ ಮಲಗಿದಾಕಿ ಮಲಗ್ಯಾಳ. ಸೊಳ್ಳಿಬತ್ತಿ ಮಾತ್ರ ಹನ್ನೊಂದಕ್ಕ ಒಂದು ತರ ಇತ್ತು, ನಾಕಕ್ಕ ಇನ್ನೊಂದು ತರ ಆಗೈತಿ. ಹೊರಗಿನ ತುದಿಯಿಂದ ಹತ್ತಿ ಸುತ್ತಿ ಸುತ್ತಿ ಒಳಗ ಬರ್ತೈತಿ, ಸುಟ್ಟ ಮ್ಯಾಲೂ ಬೂದಿ ಸ್ವಲ್ಪ ಹೊತ್ತು ಅದ ಆಕಾರದಾಗ ನಿಂತಿರ್ತೈತಿ, ನೋಡೋಕ ಗಟ್ಟಿ, ಮುಟ್ಟಿದ್ರ ಪುಡಿ. ನಿದ್ದಿಗೆಟ್ಟು ಓದೋ ಹುಡುಗಿ ಹೆಂಗ ಇರ್ತಾಳ ಅಂತ ಹೇಳೋಕ ಇದಕ್ಕಿಂತ ಏನು ಬೇಕು? ಆದ್ರ ಅದನ್ನ ನೀವು ಬಾಯಿ ಬಿಟ್ಟು ಹೇಳಬಾರ್ದು. "ನಾನೂ ಈ ಬತ್ತಿಯಂತೆ" ಅಂತ ಒಂದು ಸಾಲು ಬಂತೋ, ಕವಿತಿ ಅಲ್ಲೇ ಕೆಡ್ತು ಅಂತ ತಿಳ್ಕೊಳ್ರಿ. ಬತ್ತಿ ತೋರಿಸ್ರಿ, ಹುಡುಗಿನ ತೋರಿಸ್ರಿ, ಜೋಡಸೋ ಕೆಲಸ ಓದೋರಿಗೆ ಬಿಡ್ರಿ.

ಇಲ್ಲೇ ನಾನು ಒಂದು ಷರತ್ತು ಹಾಕಿದೆ: ಪರೀಕ್ಷೆ, ಒತ್ತಡ, ನಿದ್ದೆ, ಈ ಮೂರು ಶಬ್ದ ಕವಿತಿಯೊಳಗ ಬರಬಾರ್ದು. ಆಕಿ ಮಾರಿ ಸಣ್ಣ ಮಾಡಿದ್ಲು, "ಮತ್ತ ಏನರ ಮ್ಯಾಲ ಅಂತ ಗೊತ್ತಾಗೋದು ಹೆಂಗ ಸರ್?" ಅಂದ್ಲು. ಶಾಲಿ ಮ್ಯಾಗಜಿನ್ ಓದೋರು ಯಾರು? ಅದ ರಾತ್ರಿ ಕಳದ ಹುಡುಗ್ರು. ಲೆಕ್ಕ ಬಿಡಸೋದು, ನಾಕು ಗಂಟಿ, ಇಷ್ಟು ಕಂಡ್ರ ಸಾಕು ಅವ್ರಿಗೆ.

ಮೂರನೇದು: ಏಳು ಏಳು ಎಣಿಸೋದು

ಛಂದಸ್ಸು ಅಂದ್ರ ಮಾರ್ಕ್ಸಿನ ಸಲುವಾಗಿ ಪ್ರಸ್ತಾರ ಹಾಕೋದು ಅಂತ ಎಲ್ಲರೂ ತಿಳ್ಕೊಂಡಾರ, ಬರಿಯೋದಕ್ಕೂ ಅದು ಬರ್ತೈತಿ ಅಂತ ಯಾರೂ ಹೇಳಂಗಿಲ್ಲ. ನಿಮಗ ಗೊತ್ತಿರೋದ ಸಾಕು: ಹ್ರಸ್ವ ಅಕ್ಷರ ಲಘು, ಒಂದು ಮಾತ್ರೆ. ದೀರ್ಘ, ಐ ಔ ಇರೋದು, ಸೊನ್ನಿ ಇರೋದು, ಒತ್ತಕ್ಷರದ ಹಿಂದಿನ ಅಕ್ಷರ, ಇವು ಗುರು, ಎರಡು ಮಾತ್ರೆ. ಅಷ್ಟ.

ಆಕಿ ಟಿಪ್ಪಣಿಯೊಳಗಿನ ಮೊದಲ ವಾಕ್ಯ ಸ್ವಲ್ಪ ತಿರುವಿ ಬಾಯಾಗ ಅಂದು ನೋಡಿದ್ಲು, "ಹನ್ನೊಂದಕ್ಕ ಹಚ್ಚಿದ ಬತ್ತಿ" ಅಂತ ಬಂತು. ಎಣಿಸ್ರಿ. ಹನ್ನೊಂದಕ್ಕ: ಹ ಗುರು, ನ್ನೊಂ ಗುರು, ದ ಗುರು, ಕ್ಕ ಲಘು, ಏಳು ಆತು. ಹಚ್ಚಿದ ಬತ್ತಿ: ಹ ಗುರು, ಚ್ಚಿ ಲಘು, ದ ಲಘು, ಬ ಗುರು, ತ್ತಿ ಲಘು, ಮತ್ತ ಏಳು. ಒಟ್ಟು 14, ನಡುವ ಉಸರು ತಗೊಳ್ಳೋಕ ಜಾಗಾನೂ ಐತಿ. ಭಾಮಿನಿ ಷಟ್ಪದಿಯ 1, 2, 4, 5ನೇ ಸಾಲು 3-4-3-4 ಗಣದಾಗ ಇಷ್ಟ ಮಾತ್ರೆ ಇರ್ತಾವು, ಹಂಗಾಗಿ ನಮ್ಮ ಕಿವಿಗೆ ಈ ಉದ್ದ ಹೊಸದಲ್ಲ. ನಾವು ಷಟ್ಪದಿ ಬರೀಲಿಲ್ಲ, ಮೂರು ನಾಕು ಅದಲು ಬದಲಾದ್ರೂ ಇರ್ಲಿ, ಅರ್ಧ ಸಾಲಿಗೆ ಏಳು ಇದ್ರ ಸಾಕು ಅಂತ ಬಿಟ್ವಿ.

ಇಲ್ಲಿ ಒಂದು ಗುಟ್ಟು ಹೇಳ್ತೀನಿ, ಇದನ್ನ ಮಾತ್ರ ನಿಧಾನಕ್ಕ ಓದ್ರಿ. ಮೊದಲ ಪದ್ಯ ಹಿಂಗ ನಿಂತಿತು:

ಹನ್ನೊಂದಕ್ಕ ಹಚ್ಚಿದ ಬತ್ತಿ
ಸುತ್ತಿ ಸುತ್ತುತ ಒಳಕ್ಕ ಬಂತು
ನಾನು ಇನ್ನೂ ಒಂದೇ ಲೆಕ್ಕ
ಬಿಡಿಸಿ ಅಳಿಸಿದೆ ಬಿಡಿಸಿ ಅಳಿಸಿದೆ

ಮೊದಲ ಸಾಲಿನೊಳಗ ಅಕ್ಷರ ಒಂಬತ್ತ, ಅದರಾಗ ಐದು ಗುರು. ನಾಕನೇ ಸಾಲಿನೊಳಗ ಅಕ್ಷರ ಹದಿನಾಕು, ಹದಿನಾಕೂ ಲಘು. ಎರಡೂ ಸಾಲಿನ ಅಳತಿ ಒಂದ, 14 ಮಾತ್ರೆ. ಆದ್ರ ಜೋರಾಗಿ ಓದ್ರಿ, ಮೊದಲನೇದು ಬತ್ತಿ ಉರದಂಗ ನಿಧಾನ ಎಳೀತೈತಿ, ನಾಕನೇದು ರಬ್ಬರ್ ತಿಕ್ಕಿದಂಗ ಬರಬರ ಹೋಗತೈತಿ. ಗಾಬರಿ ಅನ್ನೋ ಶಬ್ದ ಎಲ್ಲೂ ಇಲ್ಲ, ಲಘು ಅಕ್ಷರನ ಗಾಬರಿ ಆಗ್ಯಾವು. ಆಕಿ ಇದನ್ನ ಬೇಕಂತ ಮಾಡಿದ್ದಲ್ಲ, ಬಿಡಸೋದು ಅಳಸೋದು ಎರಡ ಶಬ್ದ ತಗೊಂಡು ಎಣಿಸಿ ನೋಡಿದ್ಲು, ಮೂರು ನಾಕು ಮೂರು ನಾಕು ಕೂತುಬಿಟ್ಟಿತು. ಪ್ರಸ್ತಾರ ಹಾಕಿ ತೋರಿಸಿದಾಗ ಆಕಿ ನಕ್ಕಿದ್ದು ನೋಡಬೇಕಿತ್ತು, ವರ್ಷವಿಡೀ ನನ್ನ ಛಂದಸ್ಸಿನ ಕ್ಲಾಸಿನೊಳಗ ಒಮ್ಮಿನೂ ನಕ್ಕಿಲ್ಲ.

ಎಣಿಸಿದ್ರ ಏಳು ಬರ್ಲಿಲ್ಲ ಅಂದ್ರ? ಆಕಿ ಮೂರನೇ ಸಾಲು ಮೊದಲು "ನಾನು ಇನ್ನೂ ಮೊದಲ ಪುಟದಾಗ" ಅಂತ ಇತ್ತು. ಮೊದಲ 3, ಪುಟದಾಗ 5, ಎಂಟಾತು. ಓದುವಾಗ ಕೊನೀಗೆ ಕಾಲು ತೊಡರಿದಂಗ ಆಗತೈತಿ, ಇದ ಗುರ್ತು. ಹಿಂಗಾದಾಗ "ಪುಟದಲಿ" ಅಂತ ಪುಸ್ತಕದ ರೂಪ ಮಾಡಿ ಒಂದು ಮಾತ್ರೆ ಉಳಸೋದು ಸಸ್ತಾ ದಾರಿ. ನಾ ಬ್ಯಾಡ ಅಂದೆ. ಶಬ್ದ ಸೊಟ್ಟ ಮಾಡೋ ಬದಲಿ ಹೇಳೋ ವಿಷಯ ಬದಲಿ ಮಾಡು, ಪುಟದ ಬದಲು ಏನಿತ್ತು ನೋಡು ಅಂದೆ, ಟಿಪ್ಪಣಿಯೊಳಗ ಲೆಕ್ಕ ಇತ್ತು. "ಒಂದೇ ಲೆಕ್ಕ", ನಾಕು ಮೂರು, ಏಳು.

ನಾಕನೇದು: ಪ್ರಾಸದ ಹಿಂದ ಓಡಬ್ಯಾಡ್ರಿ

ಎರಡನೇ ಪದ್ಯದಾಗ ಆಕಿ ದಾರಿ ತಪ್ಪಿದ್ಲು. ಗಿರಣಿ ಸಾಲು ಚಂದ ಬಂತು, ಆಮ್ಯಾಲ ಸಾಲಿನ ಕೊನೀಗೆ ಪ್ರಾಸ ಬೇಕಂತ ಹಟ ಹಿಡದು ಹಿಂಗ ಬರಕೊಂಡು ಬಂದ್ಲು:

ಗಿರಣಿ ಧಡಧಡ ನಿಂತೇ ಇಲ್ಲ
ನನ್ನ ಕಣ್ಣಿಗೆ ನಿದ್ದಿಯು ಇಲ್ಲ
ಅಪ್ಪನ ಹತ್ರ ರೊಕ್ಕವು ಇಲ್ಲ

"ಏನವಾ, ಅಪ್ಪಗ ಫೀಸಿಗೆ ರೊಕ್ಕ ಇಲ್ಲೇನು?" ಅಂದೆ ಗಾಬರಿಯಾಗಿ. "ಐತ್ರಿ ಸರ್, ಪ್ರಾಸಕ್ಕ ಬಂತು." ನೋಡ್ರಿ, ಪ್ರಾಸಕ್ಕೋಸ್ಕರ ಅಪ್ಪನ ಬಡವ ಮಾಡಿಟ್ಲು! ಇದು ಬರೇ ತಮಾಷಿ ಅಲ್ಲ. ಓದು ಅಂದ ಕೂಡ್ಲೆ ಹೋದು ಕಾದು, ರಾತ್ರಿ ಅಂದ ಕೂಡ್ಲೆ ಖಾತ್ರಿ, ಅಂಕ ಅಂದ್ರ ಸುಂಕ ಸಂಕ ಬಿಂಕ, ಪ್ರಾಸ ನಿಮ್ಮ ಕೈ ಹಿಡದು ನಿಮ್ಮ ಮನಿ ಬಿಟ್ಟು ಬ್ಯಾರೆ ಯಾರದೋ ಮನಿಗೆ ಕರ್ಕೊಂಡು ಹೋಗಿ ಬಿಡ್ತೈತಿ. ಒಂದು ಸಾಲು ಬರದ ಮ್ಯಾಲ ಇದು ನಿಜವಾಗ್ಲೂ ಆ ರಾತ್ರಿ ಇತ್ತೇನು ಅಂತ ಕೇಳ್ಕೊಳ್ರಿ, ಇರ್ಲಿಲ್ಲ ಅಂದ್ರ ಹೊಡದು ಹಾಕ್ರಿ.

ಟಿಪ್ಪಣಿಗೆ ವಾಪಸ್ ಹೋದ್ವಿ. ತಂಗಿ ನಕ್ಕಿದ್ದು ಇತ್ತು, ಬೂದಿ ಬಿದ್ದಿಲ್ಲ ಅನ್ನೋದು ಇತ್ತು.

ಗಿರಣಿ ಧಡಧಡ ನಿಂತೇ ಇಲ್ಲ
ತಂಗಿ ನಕ್ಕಳು ಕನಸಿನ ಒಳಗ
ಆಕಿ ಕನಸಿಗೆ ಲೆಕ್ಕವೆ ಇಲ್ಲ
ಬೂದಿ ಮುರಿಯದೆ ಹಂಗೇ ಐತಿ

ಮೂರನೇ ಸಾಲು ಮೊದಲು "ಆಕಿ ಕನಸಲಿ ಲೆಕ್ಕವೆ ಇಲ್ಲ" ಅಂತ ಇತ್ತು, ಅಂದ್ರ ಗಣಿತ ಇಲ್ಲ ಅಂತ ಮಾತ್ರ. ಲಿ ತಗದು "ಕನಸಿಗೆ" ಮಾಡಿದ ಕೂಡ್ಲೆ ಎರಡೂ ಅರ್ಥ ಬಂತು, ಕನಸು ಲೆಕ್ಕ ಇಲ್ಲದಷ್ಟು ಅಂತಾನೂ, ಆ ಕನಸಿನೊಳಗ ಹಾಳಾದ ಲೆಕ್ಕ ಬರಂಗಿಲ್ಲ ಅಂತಾನೂ. ಒಂದು ಪ್ರತ್ಯಯ, ಅಷ್ಟ. ಮಾತ್ರೆ ಎರಡಕ್ಕೂ ನಾಕ. ಮತ್ತ ಇಲ್ಲ ಇಲ್ಲ ಅನ್ನೋ ಪ್ರಾಸ ಒಂದನೇ ಮೂರನೇ ಸಾಲಿಗೆ ತಾನ ಬಂದು ಕುಂತೈತಿ, ಕರೀದ ಬಂದ ನೆಂಟ್ರು ಯಾವಾಗ್ಲೂ ಚಲೋ.

ಐದನೇದು: ಕೊನೀ ಸಾಲು

ಎಲ್ಲಕ್ಕಿಂತ ಜಾಸ್ತಿ ಜಗಳ ಇದರ ಮ್ಯಾಲನ ಆತು. ಆಕಿಗೆ ಗುರಿ ಮುಟ್ಟಬೇಕಿತ್ತು. ಶಾಲಿ ಮ್ಯಾಗಜಿನ್ ಅಂದ್ರ ಕೊನೀಗೆ ಒಂದು ಒಳ್ಳೆ ಮಾತು ಇರ್ಬೇಕು ಅಂತ ಮಕ್ಕಳ ತಲ್ಯಾಗ ನಾವ ಮಾಸ್ತರುಗಳು ತುಂಬೀವಿ, ತಪ್ಪು ನಮ್ಮದ. ನಾನು ಕೇಳಿದ್ದು ಒಂದ ಪ್ರಶ್ನಿ: "ಆ ರಾತ್ರಿ ಲೆಕ್ಕ ಬಂತೇನು?" "ಇಲ್ರಿ ಸರ್, ಹಂಗ ಮಲಗಿಬಿಟ್ಟೆ." "ಹಂಗಾದ್ರ ಗುರಿ ಯಾವಾಗ ಮುಟ್ಟಿದಿ?" ಸುಮ್ನಾದ್ಲು.

ಕವಿತಿ ಆ ರಾತ್ರಿಯೊಳಗನ ಮುಗೀಬೇಕು. ರಿಸಲ್ಟ್ ಬರೋತನಕ ಎಳೀಬಾರ್ದು. ನಾಕು ಗಂಟಿಗೆ ಅವ್ವ ಎದ್ದಳು, ರೊಟ್ಟಿ ಬಡದಳು, ಅಲ್ಲಿಗೆ ರಾತ್ರಿ ಮುಗೀತು. ಮಗಳು ಇನ್ನೂ ಮಲಗಿಲ್ಲ, ಅವ್ವ ಆಗಲೇ ಎದ್ದಾಳ, ಇಬ್ರೂ ಮಾತಾಡ್ಲಿಲ್ಲ. ಆಕಿ ಒಂದು ಪ್ರತಿಯಾಗ ಅವ್ವನ ಬಾಯಾಗ "ಮಲಗವ್ವಾ ಮಗಳೇ ಸಾಕು" ಅಂತ ಹಾಕಿದ್ಲು. ಟಿಪ್ಪಣಿಯೊಳಗ ಏನಿತ್ತು? "ಏನೂ ಅನ್ಲಿಲ್ಲ." ಅದ ಜಾಸ್ತಿ ನೋವು ಕೊಡತೈತಿ, ಅದನ್ನ ಇಡು ಅಂದೆ.

ನಾಕು ಗಂಟೆಗೆ ಅವ್ವ ಎದ್ದಳು
ಏನೂ ಅನದೆ ಒಲಿ ಹಚ್ಚಿದಳು
ರೊಟ್ಟಿ ಬಡಿಯೋ ಸದ್ದಿನ ಜೋಡಿ
ಬೂದಿ ಬಿತ್ತು

ಕೊನೀ ಸಾಲು ಎಣಿಸ್ರಿ: ಮೂರು ಮೂರು, ಆರು. ಹನ್ನೊಂದು ಸಾಲು ಹದಿನಾಕು ಹದಿನಾಕು ಅಂತ ಕೇಳಿದ ಕಿವಿ ಇನ್ನೂ ಎಂಟು ಮಾತ್ರೆ ಕಾಯ್ತಾ ಕುಂತಿರ್ತೈತಿ, ಬರಂಗಿಲ್ಲ. ಆ ಖಾಲಿ ಜಾಗದಾಗ ಹುಡುಗಿ ಮಲಗ್ಯಾಳ. ಅಳತಿ ಮುರಿಯೋದಿದ್ರ ಒಂದ ಸಲ ಮುರೀಬೇಕು, ಅದೂ ಕೊನೀಗೆ, ಅದೂ ಮೊದಲು ಪೂರ್ತಿ ಪಾಲಿಸಿದ ಮ್ಯಾಲ. ನಡುನಡುವ ಮುರದಿದ್ರ ಇದು ಕೇಳ್ತಿರ್ಲಿಲ್ಲ, ಎಣಿಸೋಕ ಬರಂಗಿಲ್ಲ ಅನಸ್ತಿತ್ತು ಅಷ್ಟ.

ಹೆಸರು "ಸೊಳ್ಳಿಬತ್ತಿ". ಮೊದಲ ಸಾಲಿನೊಳಗ ಬರೇ ಬತ್ತಿ ಅಂತ ಐತಲ್ಲ, ದೀಪದ್ದಾ ಊದಿನದ್ದಾ ಅನ್ನೋ ಗೊಂದಲ ಹೆಸರು ಬಿಡಸ್ತೈತಿ, ಹಂಗಾಗಿ ಪದ್ಯದೊಳಗ ಮತ್ತೊಮ್ಮೆ ಹೇಳೋ ಕೆಲಸ ಇಲ್ಲ. "ಪರೀಕ್ಷೆಯ ರಾತ್ರಿ" ಅಂತ ಇಟ್ಟಿದ್ರ ಎಲ್ಲಾ ಮೊದಲ ಒದರಿದಂಗ ಆಗ್ತಿತ್ತು.

ನಡುವ ಒಂದು ಮಾತು, ಮಾಸ್ತರುಗಳಿಗೆ

ಈ ವಿಷಯದ ಮ್ಯಾಲ ಕವಿತಿ ಕೇಳಿದ್ರ ಕೆಲವೊಮ್ಮೆ ಬ್ಯಾರೆ ತರದ್ದು ಬರ್ತೈತಿ. ಬೆಳಗಾಗೋದ ಬ್ಯಾಡ, ನಾ ಇಲ್ಲದಿದ್ರ ಅವ್ವಗ ಆರಾಮ, ಇಂಥ ಸಾಲು ಇದ್ರ ಅದನ್ನ ಕವಿತಿ ಅಂತ ತಿದ್ದೋಕ ಕುಂಡ್ರಬ್ಯಾಡ್ರಿ, ಪೆನ್ನು ಕೆಳಗಿಟ್ಟು ಹುಡುಗನ್ನ ಒಬ್ಬನ ಕರದು ಕುಂಡ್ರಿಸಿ ಕೇಳ್ರಿ, ನೇರ ಕೇಳ್ರಿ, ಕೇಳಿದ್ರ ಅಂಥ ವಿಚಾರ ತಲ್ಯಾಗ ಹಾಕಿದಂಗ ಆಗತೈತಿ ಅನ್ನೋದು ತಪ್ಪು ತಿಳುವಳಿಕಿ. ಮನಿಯವ್ರಿಗೆ ತಿಳಸ್ರಿ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬೋದು, ಹಗಲು ರಾತ್ರಿ ಯಾವಾಗ ಬೇಕಾದ್ರೂ, ಫ್ರೀ, ಕನ್ನಡದಾಗ ಮಾತಾಡ್ತಾರ. ಮಕ್ಕಳ ಸಹಾಯವಾಣಿ 1098 ಕೂಡ ಐತಿ. ಇದನ್ನ ಓದ್ತಿರೋ ಹುಡುಗ್ರೂ ಈ ನಂಬರ್ ಇಟ್ಕೊಳ್ರಿ.

ಆರನೇದು: ಅಚ್ಚಿಗೆ ಹೋಗೋ ಮುಂದ

ಕವಿತಿ ಆತು ಅಂತ ಸಂತೋಷ ಪಡಬ್ಯಾಡ್ರಿ, ಅರ್ಧ ಕವಿತಿಗಳು ಸಾಯೋದು ಇಲ್ಲೇ. ಎರಡು ಕಡೆ ಪೆಟ್ಟು ಬೀಳ್ತೈತಿ.

ಒಂದು, ಭಾಷಾ ತಿದ್ದೋರು. ನಮ್ಮ ಕಡೆ ಮಾತು ಅಚ್ಚಿನೊಳಗ ಕಂಡ್ರ ಕೆಲವ್ರಿಗೆ ತಡಿಯಂಗಿಲ್ಲ, "ಗ್ರಾಂಥಿಕ ಮಾಡ್ರಿ" ಅಂತಾರ. ಹನ್ನೊಂದಕ್ಕ ಅನ್ನೋದನ್ನ ಹನ್ನೊಂದಕ್ಕೆ ಮಾಡಿದ್ರ ಮಾತ್ರೆ ಕೆಡಂಗಿಲ್ಲ, ಒಲಿ ಹೋಗಿ ಒಲೆ ಆದ್ರೂ ಕೆಡಂಗಿಲ್ಲ, ಅಲ್ಲಿ ಬಡದಾಡೋಕ ಕಾರಣ ಬ್ಯಾರೆ ಬೇಕು. ಆದ್ರ "ಹಂಗೇ ಐತಿ" ಅನ್ನೋದನ್ನ "ಹಾಗೇ ಇದೆ" ಮಾಡಿ ನೋಡ್ರಿ, ಐತಿ ಮೂರು ಮಾತ್ರೆ, ಇದೆ ಎರಡ, ಸಾಲು ಕುಂಟತೈತಿ. ಇದನ್ನ ಪ್ರಸ್ತಾರ ಹಾಕಿ ತೋರಿಸಿದ್ರ ಎಂಥ ಪಂಡಿತ್ರೂ ಒಪ್ಪತಾರ, ನಮ್ಮ ಸೀನಿಯರ್ ಮೇಡಂ ಅವ್ರೂ ಒಪ್ಪಿದ್ರು. ಎದ್ದಳು ಅನ್ನೋದು ನಾವು ಮನ್ಯಾಗ ಅನ್ನೋ ರೂಪ ಅಲ್ಲ ಅಂತ ನೀವು ಕೇಳಬೋದು. ಹೌದು, ಎದ್ಲು ಅಂತೀವಿ. ಅದನ್ನ ಹಾಕಿದ್ರ ಒಂದು ಮಾತ್ರೆ ಕಮ್ಮಿ ಬೀಳ್ತಿತ್ತು, ಹಂಗಾಗಿ ಆಕಿ ರಾಜಿ ಮಾಡ್ಕೊಂಡ್ಲು. "ಬಡಿಯೋ" ಮಾತ್ರ ಬಡಿಯುವ ಆಗಬಾರ್ದು ಅಂತ ನಾನು ಹಟ ಹಿಡದೆ, ಎರಡಕ್ಕೂ ನಾಕ ಮಾತ್ರೆ ಇದ್ದ ಮ್ಯಾಲ ಬಾಯಾಗ ಇದ್ದಿದ್ದ ಇರ್ಲಿ.

ಎರಡು, ಡಿಟಿಪಿ. ಮೊಬೈಲ್‌ನಾಗ ಟೈಪ್ ಮಾಡಿದ್ದು ಯುನಿಕೋಡ್ ಇರ್ತೈತಿ. ಪ್ರೆಸ್ಸಿನ ಹಳೇ ಸಾಫ್ಟ್‌ವೇರ್ ಒಳಗ ಇನ್ನೂ ನುಡಿಯ ಹಳೇ ಫಾಂಟ್ ನಡೀತಿದ್ರ ನೀವು ವಾಟ್ಸ್ಆ್ಯಪ್‌ನಾಗ ಕಳಸಿದ್ದು ಅಲ್ಲಿ ಡಬ್ಬಿ ಡಬ್ಬಿ ಕಾಣತೈತಿ. ಆಗ ಅವ್ರು ಕನ್ವರ್ಟರ್‌ಗೆ ಹಾಕ್ತಾರ, ಅಲ್ಲಿ ಒತ್ತಕ್ಷರ, ಅರ್ಕಾವತ್ತು ಆಕಡೆ ಈಕಡೆ ಆಗಬೋದು, ಇಲ್ಲಂದ್ರ ಪ್ರಿಂಟ್ ನೋಡ್ಕೊಂಡು ಕೈಯಿಂದ ಮತ್ತ ಟೈಪ್ ಮಾಡ್ತಾರ, ಅಲ್ಲಿ ಒತ್ತು ಬಿಟ್ಟೋಗತೈತಿ. ಹಿಂದಿನ ಒಂದು ವರ್ಷ ನಮ್ಮ ಮ್ಯಾಗಜಿನ್‌ನಾಗ ಒಬ್ಬ ಹುಡುಗನ ಕವಿತಿಯೊಳಗ "ಕತ್ತಲೆ" ಹೋಗಿ "ಕತಲೆ" ಆಗಿ ಅಚ್ಚಾಗಿತ್ತು, ಅವನು ಪುಸ್ತಕ ಮನಿಗೆ ಒಯ್ಯಲೇ ಇಲ್ಲ. ಪ್ರೂಫ್ ನಾನೂ ಸರಿ ನೋಡಿರ್ಲಿಲ್ಲ, ಪ್ರೆಸ್ಸಿನವ್ರನ್ನ ಮಾತ್ರ ಬೈದ್ರ ಏನು ಬಂತು.

ಹಂಗಾಗಿ ಈಗ ಯುನಿಕೋಡ್ ಫೈಲ್ ಜೊತಿಗೆ ಪಿಡಿಎಫ್ ಒಂದು ಕಳಸ್ತೀವಿ, ನೋಡಿ ಹೋಲಿಸೋಕ. ಪ್ರೂಫ್ ಬಂದಾಗ ಕಣ್ಣಿನಿಂದ ಓದಬ್ಯಾಡ್ರಿ, ಕಣ್ಣು ತನಗ ಗೊತ್ತಿರೋದನ್ನ ಓದ್ಕೊಂಡು ಹೋಗಿಬಿಡ್ತೈತಿ. ಬರದವ್ರ ಮಾತ್ರೆ ಎಣಿಸ್ತಾ ಓದ್ರಿ. ನಮ್ಮ ಹುಡುಗಿ ಹಂಗ ಓದಿದಾಗ ಮೊದಲ ಸಾಲಿನ ಎರಡನೇ ಅರ್ಧ ಆರಕ್ಕ ನಿಂತಿತು, ಮತ್ತೊಮ್ಮೆ ಎಣಿಸಿದ್ಲು, ಆರ. ನೋಡಿದ್ರ "ಬತಿ" ಅಂತ ಆಗಿತ್ತು, ತ ಒತ್ತು ಇಲ್ಲ, ಬ ಲಘು ಆಗಿಬಿಟ್ಟಿತ್ತು. ಅದಕ್ಕೂ ಮುಂಚೆ ಇಬ್ರು ಮಾಸ್ತರು ಆ ಪುಟ ಓದಿ ಸಹಿ ಹಾಕಿದ್ರು, ಅದರಾಗ ಒಬ್ಬ ನಾನು.

ಇನ್ನೊಂದು, ಸಾಲು ಮುರಿಯೋದು. ಪುಟಕ್ಕ ಎರಡು ಕಾಲಂ ಮಾಡಿ ದೊಡ್ಡ ಅಕ್ಷರ ಹಾಕಿದ್ರ ನಾಕನೇ ಸಾಲಿನ ಕೊನೀ "ಅಳಿಸಿದೆ" ಕೆಳಗ ಬಿದ್ದು ಐದನೇ ಸಾಲು ಆಗಿಬಿಡ್ತೈತಿ. ಅಕ್ಷರ ಎಷ್ಟು ಸಣ್ಣ ಮಾಡಿದ್ರ ಅತಿ ಉದ್ದದ ಸಾಲು ಒಂದ ಸಾಲಿನಾಗ ಹಿಡೀತೈತಿ ಅಂತ ಮೊದಲ ನೋಡಿ ಅದನ್ನ ಇಡೀ ಕವಿತಿಗೆ ಹಾಕಿ ಅಂತ ಬರದು ಕೊಡ್ರಿ. ಪಕ್ಕದಾಗ ಖಾಲಿ ಜಾಗ ಉಳಿತು ಅಂತ ಪುಸ್ತಕ ಹಿಡಕೊಂಡು ಅಳೋ ಹುಡುಗಿ ಚಿತ್ರ ಹಾಕ್ತೀನಿ ಅಂತಾರ, ಬ್ಯಾಡ ಅನ್ರಿ.

ಕೊನೀ ಪ್ರೂಫ್ ಹೋದ ದಿನ ಸಂಜಿಕೆ ಡಿಟಿಪಿ ಹುಡುಗನ ಫೋನ್ ಬಂತು. "ಸರ್, ಹದಿನೆಂಟನೇ ಪೇಜ್ ಕವಿತಿ, ಕೊನೀ ಲೈನ್ ಅರ್ಧಕ್ಕ ನಿಂತೈತಲ್ರಿ, ಟೈಪ್ ಮಾಡುವಾಗ ಏನರ ಬಿಟ್ಟೀನೇನು?"

"ಇಲ್ಲಪಾ, ಅಷ್ಟ ಐತಿ ಅದು."

"ಮುಂದೇನೂ ಇಲ್ರಿ?"

"ಇಲ್ಲ."

ಸ್ವಲ್ಪ ಹೊತ್ತು ಸುಮ್ನಿದ್ದು, "ಆಕಿ ಮಲಗಿದ್ಲೇನ್ರಿ ಸರ್?" ಅಂತ ಕೇಳಿ ಫೋನ್ ಇಟ್ಟ.